ಜಗಲಿ ಗೋಡೆಯ ನಾಲ್ಕು ಆಂಕರ್ ಬೋಲ್ಟು: ಎಳೆಯುವ ಮೊದಲು ಒಳಗೆ ಹೊಡೆಯಬೇಕಿತ್ತು

ಊರಿನ ಮನೆಯ ಜಗಲಿಯಲ್ಲಿ ನೀರಿನ ಕೊಡ, ಚೊಂಬು ಇಡೋಕೆ ಅಂತ ಅಪ್ಪ ಒಂದು ಹಲಗೆ ಹಾಕಿಸಿದ್ದರು. ಹಲಗೆಯ ಕೆಳಗೆ ಎರಡು ಕಬ್ಬಿಣದ ಬ್ರ್ಯಾಕೆಟ್, ಒಂದೊಂದಕ್ಕೆ ಎರಡು ಆಂಕರ್ ಬೋಲ್ಟ್. ಸಮುದ್ರ ಎರಡು ಕಿಲೋಮೀಟರ್ ದೂರ. ಉಪ್ಪುಗಾಳಿ ಒಂದು ಕಡೆ, ಕೊಡದ ನೀರು ಇನ್ನೊಂದು ಕಡೆ. ಹಲಗೆ ಕೊಳೆತು ಬಿದ್ದಿತ್ತು, ಬ್ರ್ಯಾಕೆಟ್ ಮುಟ್ಟಿದರೆ ತುಕ್ಕು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಈ ಸಲ ರಜೆಗೆ ಹೋದಾಗ ಅದನ್ನ ತೆಗೆದುಬಿಡೋಣ ಅಂದುಕೊಂಡೆ.

ಕಷ್ಟ ಇದ್ದದ್ದು ಗೋಡೆಯಲ್ಲಿ. ಮುರಕಲ್ಲಿನ ಗೋಡೆ, ಅದರ ಮೇಲೆ ಸುಮಾರು 14 ಮಿಲಿಮೀಟರ್ ಗಾರೆ. ನೆಲದಿಂದ ಮೂರಡಿವರೆಗೆ ರೆಡ್ ಆಕ್ಸೈಡ್ ಹಾಕಿ ಉಜ್ಜಿದ ಕೆಂಪು ಪಟ್ಟಿ, ಅದರ ಮೇಲೆ ಬಿಳಿ ಡಿಸ್ಟೆಂಪರ್. ಮೇಲಿನ ಎರಡು ಬೋಲ್ಟು ಬಿಳಿಯಲ್ಲಿ, ಕೆಳಗಿನ ಎರಡು ಕೆಂಪಿನಲ್ಲಿ. ಬಿಳಿ ಒಡೆದರೆ ತೇಪೆ ಹಾಕಿ ಬಣ್ಣ ಹೊಡೆಯಬಹುದು. ಕೆಂಪು ಒಡೆದರೆ ಆ ಬಣ್ಣ ಮತ್ತೆ ತರೋಕೆ ಆಗಲ್ಲ. "ಕೆಂಪಿಗೆ ಏನೂ ಆಗಬಾರದು" ಅಂತ ಅಮ್ಮ ಮೊದಲೇ ಹೇಳಿದ್ದರು.

ಸುಲಭವಾಗಲಿ ಅಂತ ನಂಬರ್ ಕೊಟ್ಟುಕೊಂಡೆ. 1 ಮೇಲಿನ ಎಡ, 2 ಮೇಲಿನ ಬಲ, 3 ಕೆಳಗಿನ ಎಡ, 4 ಕೆಳಗಿನ ಬಲ.

ಶನಿವಾರ ಬೆಳಿಗ್ಗೆ: 1ನೇ ಬೋಲ್ಟು, ಮೊದಲ ತಪ್ಪು

17ರ ಸ್ಪ್ಯಾನರ್ ಹಾಕಿದೆ. 1 ಮತ್ತು 3ರ ನಟ್ಟು ಕಿರುಗುಟ್ಟುತ್ತಾ ಬಿಚ್ಚಿಕೊಂಡವು. ಎಡಗಡೆ ಬ್ರ್ಯಾಕೆಟ್ ಕೈಗೆ ಬಂತು. ಬರುವಾಗ ವಾಷರ್ ಜೊತೆ ಸುತ್ತಲಿನ ಬಣ್ಣದ ಸಿಪ್ಪೆಯನ್ನೂ ಕಿತ್ತುಕೊಂಡು ಬಂತು. ವರ್ಷ ವರ್ಷ ಬಳಿದ ಡಿಸ್ಟೆಂಪರ್ ವಾಷರಿಗೂ ಗೋಡೆಗೂ ಸೇರಿ ಅಂಟಿಕೊಂಡಿರುತ್ತದೆ. ಮೊದಲೇ ಬ್ಲೇಡಿನಿಂದ ವಾಷರ್ ಸುತ್ತ ಗೀರಿದ್ದರೆ ಅಷ್ಟು ಆಗುತ್ತಿರಲಿಲ್ಲ. ಬಲಗಡೆಗೆ ಹೋಗುವಾಗ ಅದನ್ನು ಮಾಡಿದೆ, ಎರಡು ನಿಮಿಷದ ಕೆಲಸ.

ಈಗ 1ನೇ ಬೋಲ್ಟು ಗೋಡೆಯಿಂದ ಒಂದಿಂಚು ಹೊರಗೆ ನಿಂತಿತ್ತು. ಮೊಳೆ ಕೀಳುವ ಸುತ್ತಿಗೆಯ ಕೊಂಬು ಸಿಕ್ಕಿಸಿ, ಸುತ್ತಿಗೆಯ ತಲೆ ಗೋಡೆಗೆ ಆನಿಸಿ ಮೀಟಿದೆ. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಮೀಟಿದೆ. ಬೋಲ್ಟು ಅಲ್ಲೇ ಇತ್ತು. ಸುತ್ತಿಗೆ ಆನಿಸಿದ್ದ ಜಾಗದಲ್ಲಿ ಗಾರೆ 'ಕರ್' ಅಂತ ಒಳಗೆ ಕುಸಿದು, ಬೋಲ್ಟಿನವರೆಗೆ ಒಂದೇ ಚಕ್ಕೆಯಾಗಿ ಕೆಳಗೆ ಬಿತ್ತು. ಅಳೆದೆ: 9 ಸೆಂಟಿಮೀಟರ್ ಅಗಲ, 6 ಎತ್ತರ. ಒಳಗೆ ಮುರಕಲ್ಲಿನ ಕೆಂಪು ಕಾಣುತ್ತಿತ್ತು.

ಬಿಳಿ ಭಾಗದಲ್ಲಿ ಆಯಿತಲ್ಲ, ಅದೇ ಪುಣ್ಯ. ಅಮ್ಮ ಬಂದು ನೋಡಿ ಏನೂ ಹೇಳದೆ ಒಳಗೆ ಹೋದರು. ಬೈದಿದ್ದರೆ ವಾಸಿ ಇತ್ತು.

ಶನಿವಾರ ಸಂಜೆ: ಮೇಸ್ತ್ರಿ ಹೇಳಿದ್ದು

ಪಕ್ಕದ ಮನೆಯಲ್ಲಿ ಕಾಂಪೌಂಡ್ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಬೋಲ್ಟಿನ ಬುಡ ನೋಡಿದವರೇ ನಕ್ಕರು. "ಎಂತ ಮಾರಾಯ್ರೆ, ಇದು ಎಳೆದ್ರೆ ಬರುದಿಲ್ಲ. ಎಳೆದಷ್ಟು ಬಿಗಿ ಆಗ್ತದೆ. ಒಮ್ಮೆ ಒಳಗೆ ಹೊಡೀರಿ, ಮತ್ತೆ ಎಳೀರಿ."

ಆಮೇಲೆ ಹೊಸ ಆಂಕರ್ ಬೋಲ್ಟೊಂದನ್ನು ಕೈಯಲ್ಲಿ ಹಿಡಿದು ನೋಡಿದಾಗ ತಲೆಗೆ ಹೋಯಿತು. ಇದರಲ್ಲಿ ಎರಡು ಭಾಗ. ಹೊರಗೆ ತೆಳು ತಗಡಿನ ಕೊಳವೆ, ಅದನ್ನು ಸ್ಲೀವ್ ಅಂತಾರೆ. ಒಳಗೆ 10 ಮಿಲಿಮೀಟರಿನ ಸರಳು, ಅದರ ಮೇಲೆ ನಟ್ಟು ತಿರುಗುವ ಮರೆ, ಅಂದರೆ ಥ್ರೆಡ್. ಸರಳಿನ ಒಳತುದಿ ಗಂಟೆಯ ಹಾಗೆ ದಪ್ಪ. ಹೊರಗಿನಿಂದ ನಟ್ಟು ಬಿಗಿ ಮಾಡಿದಾಗ ಸರಳು ಹೊರಕ್ಕೆ ಜರುಗಿ, ಆ ದಪ್ಪ ತುದಿ ಸ್ಲೀವಿನೊಳಗೆ ನುಗ್ಗಿ ಅದನ್ನು ಅರಳಿಸುತ್ತದೆ. ಅರಳಿದ ಸ್ಲೀವ್ ಕಲ್ಲನ್ನು ಕಚ್ಚಿಕೊಳ್ಳುತ್ತದೆ. ನಾನು ಸುತ್ತಿಗೆಯಲ್ಲಿ ಮೀಟುತ್ತಾ ಮಾಡಿದ್ದೂ ಅದೇ ಕೆಲಸ. ಬೋಲ್ಟನ್ನು ಇನ್ನೂ ಬಿಗಿ ಮಾಡುತ್ತಾ ಇದ್ದೆ!

ಬಲಗಡೆಯ 2 ಮತ್ತು 4ರ ನಟ್ಟು ಮಾತ್ರ ಜಪ್ಪಯ್ಯ ಅಂದರೂ ತಿರುಗಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ತಂದು ಎರಡಕ್ಕೂ ಧಾರಾಳವಾಗಿ ಹೊಡೆದು ಮಲಗಿದೆ. ಇದು ಎರಡನೇ ತಪ್ಪು.

ಭಾನುವಾರ: 1 ಮತ್ತು 3 ಹೊರಬಂದವು

ಬೆಳಿಗ್ಗೆ ನೋಡಿದರೆ 2ನೇ ಬೋಲ್ಟಿನ ಕೆಳಗೆ ಬಿಳಿ ಗೋಡೆಯ ಮೇಲೆ ಗೇಣುದ್ದ ಎಣ್ಣೆ ಇಳಿದಿತ್ತು. ತುಕ್ಕಿನ ಬಣ್ಣ ಬೇರೆ ಸೇರಿಕೊಂಡು ಕಾಫಿ ಚೆಲ್ಲಿದ ಹಾಗೆ. ತಮಾಷೆ ಅಂದರೆ 4ರ ಕೆಳಗೆ ಕೆಂಪು ಪಟ್ಟಿಯ ಮೇಲೆ ಅಷ್ಟೇ ಎಣ್ಣೆ ಇಳಿದಿದ್ದರೂ ಅಲ್ಲಿ ಒರೆಸಿದ ಮೇಲೆ ಹೊಳಪು ಬಂತು ಅಷ್ಟೇ. ರೆಡ್ ಆಕ್ಸೈಡಿಗೆ ಅಮ್ಮ ತೆಂಗಿನೆಣ್ಣೆ ಹಚ್ಚಿ ಉಜ್ಜುವುದು ರೂಢಿ, ಅದು ಎಣ್ಣೆ ಕುಡಿದು ಬೆಳೆದ ಗೋಡೆ. ಬಿಳಿ ಗಾರೆಗೆ ಮಾತ್ರ ಎಣ್ಣೆ ಆಗಿಬರಲ್ಲ.

ಅಲ್ಲಿಂದ ಮುಂದೆ ಸ್ಪ್ರೇಯನ್ನು ಗೋಡೆಗೆ ನೇರ ಹೊಡೆಯಲಿಲ್ಲ. ಒಂದು ಮುಚ್ಚಳಕ್ಕೆ ಹೊಡೆದು, ಸೂಜಿ ಹಾಕಿದ ಸಿರಿಂಜಿನಲ್ಲಿ ಎಳೆದುಕೊಂಡು, ಮರೆಯ ಸಂದಿಗೆ ಎರಡೆರಡು ಹನಿ ಬಿಟ್ಟೆ. ಬೋಲ್ಟಿನ ಕೆಳಗೆ ಚಪಾತಿ ಹಿಟ್ಟಿನ ಸಣ್ಣ ಕಟ್ಟೆ. ಹನಿ ಹೊರಗೆ ಬಂದರೂ ಹಿಟ್ಟು ಹೀರಿಕೊಳ್ಳುತ್ತಿತ್ತು.

ಮೊದಲು 1ನೇ ಬೋಲ್ಟಿನಲ್ಲಿ ಪ್ರಯೋಗ ಮಾಡಿದೆ. ಅಲ್ಲಿ ಕಳೆದುಕೊಳ್ಳೋಕೆ ಇನ್ನೇನೂ ಉಳಿದಿರಲಿಲ್ಲ. ನಟ್ಟನ್ನು ವಾಪಸ್ ಹಾಕಿ ಅದರ ಮುಖ ಸರಳಿನ ತುದಿಗೆ ಸಮ ಬರುವಷ್ಟು ತಿರುಗಿಸಿದೆ. ಸುತ್ತಿಗೆ ಏಟು ನಟ್ಟಿನ ಮೇಲೂ ಬೀಳಬೇಕು, ಇಲ್ಲದಿದ್ದರೆ ಮರೆ ಚಪ್ಪಟೆಯಾಗಿ ಆಮೇಲೆ ನಟ್ಟು ತೆಗೆಯೋಕೇ ಆಗಲ್ಲ. ಸರಳಿನ ಮೇಲೆ, ಗೋಡೆಯಿಂದ ಸರಿಯಾಗಿ 10 ಮಿಲಿಮೀಟರ್ ದೂರದಲ್ಲಿ ಇನ್ಸುಲೇಷನ್ ಟೇಪ್ ಸುತ್ತಿದೆ. ಬೋಲ್ಟು ಒಳಗೆ ಹೋಗುತ್ತಿದೆಯೋ ಇಲ್ಲವೋ ಅಂತ ಗೊತ್ತಾಗೋಕೆ ಅದೇ ಗುರುತು.

ಅರ್ಧ ಕೆಜಿ ಸುತ್ತಿಗೆ. ಜೋರಾಗಿ ಅಲ್ಲ, ತೆಂಗಿನಕಾಯಿ ಕಣ್ಣಿನ ಹತ್ತಿರ ತಟ್ಟಿ ನೋಡುವಷ್ಟು. ಮೊದಲ ನಾಲ್ಕೈದು ಏಟಿಗೆ 'ಟಣ್ ಟಣ್' ಅಂತ ಬಿಗಿಯಾದ ಸದ್ದು. ಆರನೆಯದೋ ಏಳನೆಯದೋ ಏಟಿಗೆ ಸದ್ದು ಬದಲಾಯಿತು, 'ಟಪ್' ಅಂತ ಮಂದವಾಯಿತು. ಟೇಪು ಗೋಡೆಗೆ 4 ಮಿಲಿಮೀಟರ್ ಹತ್ತಿರ ಬಂದಿತ್ತು. ದಪ್ಪ ತುದಿ ಸ್ಲೀವಿನಿಂದ ಬಿಟ್ಟುಕೊಂಡಿತು ಅಂತ ಅರ್ಥ.

ಇಲ್ಲಿ ಮತ್ತೆ ಆತುರಕ್ಕೆ ಬಿದ್ದು ಸರಳನ್ನೇ ಹಿಡಿದು ಎಳೆದೆ. ಒಂದೆರಡು ಮಿಲಿಮೀಟರ್ ಬಂದು ಕಚ್ಚಿಕೊಂಡಿತು. ಆಗಲೇ ಬೇಕಲ್ಲ, ಎಳೆದಾಗ ದಪ್ಪ ತುದಿ ಮತ್ತೆ ಸ್ಲೀವಿನೊಳಗೆ ಹೋಗುತ್ತದೆ. ಮೊದಲು ತೆಗೆಯಬೇಕಾದ್ದು ಸ್ಲೀವು. ಸರಳನ್ನು ಮತ್ತೆ ಒಳಗೆ ತಟ್ಟಿ, ನಟ್ಟು ಬಿಚ್ಚಿ, ಸ್ಲೀವಿನ ಬಾಯಂಚನ್ನು ನೋಸ್ ಪ್ಲೈಯರಿನಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಚುತ್ತಾ ಎಳೆದೆ. ಅದು ಸರಳಿನ ಮೇಲೆ ಬಳೆ ಜಾರಿದ ಹಾಗೆ ಜಾರಿ ಬಂತು. ಹಿಂದೆಯೇ ಸರಳು, ಒಂದು ಚಮಚದಷ್ಟು ತುಕ್ಕಿನ ಪುಡಿ ಜೊತೆ.

3ನೆಯದಕ್ಕೂ ಅದೇ ಕ್ರಮ, ಆದರೆ ಇದು ಕೆಂಪು ಪಟ್ಟಿ. ಸುತ್ತಿಗೆ ಹಿಡಿಯುವ ಮೊದಲು ಎರಡು ರೂಪಾಯಿ ನಾಣ್ಯದ ಅಂಚಿನಿಂದ ಬೋಲ್ಟಿನ ಸುತ್ತ ಗೋಡೆ ತಟ್ಟಿದೆ. ಗಟ್ಟಿ ಜಾಗದಲ್ಲಿ ಸದ್ದು ಚುಟುಕಾಗಿರುತ್ತದೆ. ಗಾರೆ ಕಲ್ಲಿನಿಂದ ಬಿಟ್ಟಿದ್ದರೆ ಡೊಳ್ಳು ಸದ್ದು ಬರುತ್ತದೆ. 3ರ ಸುತ್ತ ಎಲ್ಲ ಕಡೆ ಗಟ್ಟಿ ಇತ್ತು. ಡೊಳ್ಳು ಬಂದಿದ್ದರೆ ನಾನು ಸುತ್ತಿಗೆ ಮುಟ್ಟುತ್ತಿರಲಿಲ್ಲ.

ಇಲ್ಲಿ ಸ್ಲೀವಿನ ಅಂಚು ಗೋಡೆಗೆ ಸಮವಾಗಿ ಕೂತಿತ್ತು, ಪ್ಲೈಯರಿಗೆ ಹಿಡಿತ ಸಿಗಲಿಲ್ಲ. ಸಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಸ್ಲೀವು ಮತ್ತು ಗಾರೆಯ ನಡುವೆ ಇಟ್ಟು, ಅಂಚನ್ನು ಸರಳಿನ ಕಡೆಗೆ ಒಳಕ್ಕೆ ಬಗ್ಗಿಸಿದೆ. ಎರಡು ಕಡೆ ಹೀಗೆ ಮಾಡಿದ ಮೇಲೆ ಹಿಡಿಯೋಕೆ ಕಿವಿ ಸಿಕ್ಕಿತು. ಪ್ಲೈಯರ್ ಗೋಡೆಗೆ ತಾಗದ ಹಾಗೆ ನಡುವೆ ತೂತು ಕೊರೆದ ಪ್ಲೈವುಡ್ ತುಂಡನ್ನು ಬೋಲ್ಟಿಗೆ ತೂರಿಸಿ ಎಡಗೈಯಲ್ಲಿ ಗೋಡೆಗೆ ಒತ್ತಿ ಹಿಡಿದಿದ್ದೆ. ಬಲ ಬಿದ್ದರೆ ಪ್ಲೈವುಡ್ಡಿನ ಮೇಲೆ ಹರಡಿ ಬೀಳುತ್ತದೆ, ಗಾರೆಯ ಅಂಚೂ ಎದ್ದು ಬರಲ್ಲ. ಇಪ್ಪತ್ತು ನಿಮಿಷದಲ್ಲಿ ಹೊರಗೆ. ತೂತು 12 ಮಿಲಿಮೀಟರ್, ಅಂಚಿನಲ್ಲಿ ಒಂದು ಅಕ್ಕಿಕಾಳಿನಷ್ಟು ಚಕ್ಕೆ ಹೋಗಿತ್ತು. ಅಷ್ಟೇ.

ಸೋಮವಾರ: 2ನೆಯದು ತಿರುಗುತ್ತೆ, ಬಿಚ್ಚಲ್ಲ

2ರ ನಟ್ಟಿಗೆ ಎಣ್ಣೆ ಇಳಿದಿತ್ತು, ಸ್ಪ್ಯಾನರ್ ಹಾಕಿದರೆ ತಿರುಗಿತು. ಖುಷಿಯಾಯಿತು. ಹತ್ತು ಸುತ್ತಾದರೂ ನಟ್ಟು ಹೊರಗೆ ಬರುತ್ತಿಲ್ಲ. ನೋಡಿದರೆ ನಟ್ಟಿನ ಜೊತೆ ಸರಳೇ ತಿರುಗುತ್ತಿದೆ. ಮುರಕಲ್ಲಿನಲ್ಲಿ ರಂಧ್ರ ಜಾಸ್ತಿ, ಹಿಡಿತ ಒಂದು ಸಲ ತಪ್ಪಿದರೆ ಬೋಲ್ಟು ಇಡಿಯಾಗಿ ಸುತ್ತುತ್ತದೆ. ಸುತ್ತಿದಷ್ಟೂ ಗಾರೆಯ ಅಂಚು ಸವೆದು ಪುಡಿ ಉದುರುತ್ತದೆ.

ಇಲ್ಲಿ ಎಳೆತ ಉಪಯೋಗಕ್ಕೆ ಬಂತು. ಬ್ರ್ಯಾಕೆಟ್ ಇನ್ನೂ ಗೋಡೆಯಲ್ಲೇ ಇತ್ತಲ್ಲ, ಅದರ ಹಿಂದೆ ಗೋಡೆಗೆ ತಗಡಿನ ತುಂಡಿಟ್ಟು, ತಗಡಿಗೂ ಬ್ರ್ಯಾಕೆಟಿಗೂ ನಡುವೆ ಎರಡು ಕಡೆಯಿಂದ ಮರದ ತೆಳು ಬೆಣೆ ನುಗ್ಗಿಸಿದೆ. ಬ್ರ್ಯಾಕೆಟ್ ನಟ್ಟನ್ನು ಹೊರಕ್ಕೆ ದೂಡಿತು, ಸರಳು ಜಗ್ಗಿಕೊಂಡು ದಪ್ಪ ತುದಿ ಮತ್ತೆ ಸ್ಲೀವನ್ನು ಕಚ್ಚಿತು, ಸುತ್ತುವುದು ನಿಂತಿತು. ಆಗ ನಟ್ಟು ಬಿಚ್ಚಿಕೊಂಡಿತು. ಮೊನ್ನೆ ಗೋಡೆ ಒಡೆದ ಬಿಗಿತವೇ ಇವತ್ತು ಕೆಲಸಕ್ಕೆ ಬಂತು. ಬೆಣೆ ಮಾತ್ರ ಕೈಯಲ್ಲಿ ಒತ್ತುವಷ್ಟೇ ಬಿಗಿ ಇರಬೇಕು, ಸುತ್ತಿಗೆಯಲ್ಲಿ ಹೊಡೆದರೆ ಶನಿವಾರದ ಕತೆಯೇ.

4ರ ನಟ್ಟು ಇನ್ನೂ ಕೂತೇ ಇದ್ದರಿಂದ ಬ್ರ್ಯಾಕೆಟ್ ಬರಲಿಲ್ಲ. 2ನ್ನು ಅಲ್ಲಿಗೇ ಬಿಟ್ಟೆ.

ಮಂಗಳವಾರ: 4ನೆಯದು ಸೋಲಿಸಿತು

ಮೂರು ದಿನ ಎಣ್ಣೆ ಕುಡಿಸಿದರೂ ನಟ್ಟು ತಿರುಗಲಿಲ್ಲ. ನಟ್ಟಿನ ಮೂಲೆಗಳು ಸವೆದು ಸ್ಪ್ಯಾನರ್ ಜಾರುತ್ತಿತ್ತು. ಪಕ್ಕದವರು ಗ್ರೈಂಡರ್ ಕೊಡ್ತೀನಿ ಅಂದರು. ಬೇಡ ಅಂದೆ. ಕಿಡಿ ಬಿದ್ದ ಜಾಗದಲ್ಲಿ ಕೆಂಪಿನ ಮೇಲೆ ಕಪ್ಪು ಚುಕ್ಕೆ ಕೂರುತ್ತದೆ, ಕೈ ಒಂದು ಸಲ ಜಾರಿದರೆ ಗೋಡೆಗೆ ಗೀರು.

ಹ್ಯಾಕ್ಸಾದಲ್ಲಿ ನಟ್ಟಿನ ಒಂದು ಮುಖವನ್ನು ಸರಳಿನ ಉದ್ದಕ್ಕೇ ಮರೆ ಕಾಣುವವರೆಗೆ ಕೊಯ್ದೆ. ನಲವತ್ತು ನಿಮಿಷ, ಒಂದು ಬ್ಲೇಡು. ಆ ಸೀಳಿನಲ್ಲಿ ಚಾಣ ಇಟ್ಟು ಪಕ್ಕಕ್ಕೆ ತಿರುಚಿದರೆ ನಟ್ಟು ಬಾಯಿ ಬಿಟ್ಟಿತು. ಬ್ರ್ಯಾಕೆಟ್ ಬಂತು. 2ನೆಯದು ಆ ಮೇಲೆ ಹತ್ತೇ ನಿಮಿಷದಲ್ಲಿ ಹೊರಗೆ.

4ಕ್ಕೆ ಹೊಸ ನಟ್ಟು ಹಾಕಿ, ಟೇಪು ಸುತ್ತಿ, ಒಳಗೆ ತಟ್ಟಿದೆ. ಹತ್ತು ಏಟು. ಸದ್ದು 'ಟಣ್' ಅಂತಲೇ ಇತ್ತು, ಸುತ್ತಿಗೆ ಕೈಗೆ ವಾಪಸ್ ಎಗರುತ್ತಿತ್ತು. ಟೇಪು ಒಂದು ಕೂದಲಿನಷ್ಟೂ ಜರುಗಲಿಲ್ಲ. ತೂತು ಕೊರೆದವರು ಬೋಲ್ಟಿನ ಉದ್ದಕ್ಕೆ ಸರಿಯಾಗಿ ಕೊರೆದಿದ್ದರೆ ತುದಿ ಕಲ್ಲಿಗೇ ತಾಗಿ ನಿಂತಿರುತ್ತದೆ, ಒಳಗೆ ಹೋಗೋಕೆ ಜಾಗವೇ ಇರಲ್ಲ. ನಾಣ್ಯದಲ್ಲಿ ತಟ್ಟಿ ನೋಡಿದೆ. ಬೆಳಿಗ್ಗೆ ಗಟ್ಟಿ ಇದ್ದ ಬಲಗಡೆ ಈಗ ಒಂದು ರೂಪಾಯಿಯಗಲ ಡೊಳ್ಳು ಸದ್ದು. ಏಟಿನ ಅದುರಿಗೆ ಗಾರೆ ಬಿಡೋಕೆ ಶುರುವಾಗಿತ್ತು. ಅಲ್ಲಿಗೆ ಸುತ್ತಿಗೆ ಕೆಳಗಿಟ್ಟೆ. ಮೂರು ಏಟಿಗೆ ನಿಲ್ಲಿಸಬೇಕಿತ್ತು ಅಂತ ಈಗ ಅನಿಸುತ್ತದೆ.

ತೆಗೆಯುವ ಆಸೆ ಬಿಟ್ಟೆ. ತಲೆ ಕತ್ತರಿಸಿ, ಒಳಗೆ ಹುದುಗಿಸಿ, ಮುಚ್ಚುವುದು ಅಂತ ತೀರ್ಮಾನ.

ಎಣ್ಣೆ ಡಬ್ಬದ ತಗಡಿಗೆ ತೂತು ಮಾಡಿ ಬೋಲ್ಟಿಗೆ ತೂರಿಸಿ ಗೋಡೆಗೆ ರಕ್ಷಣೆ ಮಾಡಿದೆ. ಬರೀ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ, ತಗಡಿಗೆ ಒರಗಿಸಿ ಸರಳನ್ನು ಕೊಯ್ದೆ. ಉಳಿದ ಮೋಟನ್ನು ಸಮಕ್ಕೆ ಕತ್ತರಿಸಿ ಬಿಟ್ಟರೆ ಸಾಲದು. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಮೇಲೆ ಹಚ್ಚಿದ ತೇಪೆಯನ್ನು ಒಂದೆರಡು ಮಳೆಗಾಲದಲ್ಲಿ ದೂಡಿ ಬೀಳಿಸುತ್ತದೆ. ಹಾಗಾಗಿ ಕಬ್ಬಿಣವನ್ನು ಕನಿಷ್ಠ ಗಾರೆಯ ದಪ್ಪದಷ್ಟಾದರೂ ಒಳಗೆ ಸರಿಸಬೇಕಿತ್ತು.

ಸರಳಿನ ನಡುವೆ ಪಂಚಿನಲ್ಲಿ ಚುಕ್ಕೆ ಇಟ್ಟು, ಕಬ್ಬಿಣ ಕೊರೆಯುವ 4 ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ಕೊರೆದೆ, ಆಮೇಲೆ 6, ಆಮೇಲೆ 8. ನಿಧಾನ ವೇಗ, ಆಗಾಗ ಒಂದು ಹನಿ ಎಣ್ಣೆ. ಡ್ರಿಲ್ಲಿನ ಹ್ಯಾಮರ್ ಬಟನ್ ಆಫ್ ಇದೆಯಾ ಅಂತ ಎರಡು ಸಲ ನೋಡಿಕೊಂಡೆ, ಗೋಡೆಗೆ ಕೊರೆಯುವ ಬಿಟ್ಟಿನಿಂದ ಕಬ್ಬಿಣ ಕೊಯ್ಯಲ್ಲ, ಬರೀ ಬಿಸಿಯಾಗುತ್ತದೆ. 14 ಮಿಲಿಮೀಟರ್ ಆಳಕ್ಕೆ ಹೋದ ಮೇಲೆ ಸರಳಿನಲ್ಲಿ ಮರೆಯ ತೆಳು ಗೋಡೆ ಮಾತ್ರ ಉಳಿದಿತ್ತು. ಅದನ್ನೂ ಸ್ಲೀವಿನ ಅಂಚನ್ನೂ ನೋಸ್ ಪ್ಲೈಯರಿನಲ್ಲಿ ಒಳಕ್ಕೆ ಮುದುರಿ ಚೂರು ಚೂರಾಗಿ ಮುರಿದು ತೆಗೆದೆ. ಡ್ರಿಲ್ ಬಿಟ್ಟು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದದ್ದರಿಂದ ಒಂದು ಕಡೆ ದಪ್ಪ ಉಳಿದು, ಅದಕ್ಕೇ ಅರ್ಧ ಗಂಟೆ ಹೋಯಿತು. ಒಟ್ಟು ಮೂರು ಗಂಟೆ. ತಳದಲ್ಲಿ ಉಳಿದ ಕಬ್ಬಿಣಕ್ಕೆ ಎಣ್ಣೆ ಒರೆಸಿ, ತೆಳು ಬ್ರಷ್ಷಿನಲ್ಲಿ ಎರಡು ಸಲ ಮೆಟಲ್ ಪ್ರೈಮರ್ ಹಚ್ಚಿದೆ.

ಬುಧವಾರ: ಮರದ ಬೆಣೆಗಳು

ಅದೇ ಗೋಡೆಯಲ್ಲಿ ಹಳೇ ಪಟ್ಟಿ ವೈರಿಂಗಿನ ಮೂರು ಮರದ ಬೆಣೆ ಇದ್ದವು. ಇವು ಸುಲಭ ಅಂದುಕೊಂಡಿದ್ದೆ. ಒಂದಕ್ಕೆ ಸ್ಕ್ರೂ ಹಾಕಿ ಎಳೆದೆ. ಬೆಣೆಯ ಸುತ್ತ ಗಾರೆಯಲ್ಲಿ ಕೂದಲೆಳೆಯ ಬಿರುಕು ಕಂಡಿತು. ಶನಿವಾರದ ಪಾಠ ನೆನಪಿತ್ತು, ಕೈ ಬಿಟ್ಟೆ.

ನಡುವೆ 4 ಮಿಲಿಮೀಟರಿನ ಐದಾರು ತೂತು ಒತ್ತೊತ್ತಾಗಿ ಕೊರೆದು, ಸಣ್ಣ ಉಳಿಯಿಂದ ಮರವನ್ನು ನಡುವಿನ ಕಡೆಗೆ ಸೀಳಿ ಸೀಳಿ ತೆಗೆದೆ. ಒಳಗೆ ಹೋದಂತೆ ತೂತು ಅಗಲವಾಗುತ್ತಾ ಹೋಯಿತು! ಆ ಕಾಲದವರು ಬೆಣೆಯನ್ನು ಒಳಗೆ ಅಗಲ, ಹೊರಗೆ ಕಿರಿದು ಮಾಡಿ ಸಿಮೆಂಟಿನಲ್ಲಿ ಕೂರಿಸುತ್ತಿದ್ದರು. ಹೊರತುದಿ 2 ಸೆಂಟಿಮೀಟರ್ ಚೌಕ, ಒಳತುದಿ ಎರಡೂವರೆ. ಎಳೆದರೆ ಗೋಡೆ ಸಮೇತ ಬರಬೇಕು ಅಷ್ಟೇ. ಪ್ಲಾಸ್ಟಿಕ್ ಪ್ಲಗ್ಗೂ ಒಂದಿತ್ತು. ಅದಕ್ಕೆ ಸ್ಕ್ರೂವನ್ನು ಬಾಯಲ್ಲಿ ಎರಡೇ ಸುತ್ತು ಹಾಕಿ ಎಳೆದೆ, ಬಂತು. ಪೂರ್ತಿ ಹಾಕಿದರೆ ಅದೂ ಅರಳಿ ಕೂರುತ್ತದೆ.

ಗುರುವಾರ, ಶುಕ್ರವಾರ: ಮುಚ್ಚಿದ್ದು

ತೂತುಗಳ ಪುಡಿಯನ್ನು ಸೈಕಲ್ ಪಂಪಿನಲ್ಲಿ ಊದಿ, ನೀರು ಚಿಮುಕಿಸಿ, ಒಂದಕ್ಕೆ ಮೂರು ಸಿಮೆಂಟು ಮರಳು ತುಂಬಿದೆ. 1ರ ದೊಡ್ಡ ಗುಂಡಿಗೆ ಎರಡು ಸಲ, ನಡುವೆ ಒಂದು ದಿನ ಬಿಟ್ಟು. ಮೇಲೆ ವೈಟ್ ಸಿಮೆಂಟು.

ಕೆಂಪಿನ ತೂತುಗಳಿಗೆ ಮೂರು ಪಾಲು ಸಿಮೆಂಟಿಗೆ ಒಂದು ಪಾಲು ರೆಡ್ ಆಕ್ಸೈಡ್ ಪುಡಿ. ಮೊದಲು ಹಂಚಿನ ತುಂಡಿನ ಮೇಲೆ ಮೂರು ಬಗೆ ಕಲಸಿ ಹಚ್ಚಿ ಎರಡು ದಿನ ಬಿಟ್ಟಿದ್ದೆ, ಯಾಕೆಂದರೆ ಹಸಿ ಇದ್ದಾಗ ಕಾಣುವ ಬಣ್ಣ ಒಣಗಿದ ಮೇಲೆ ಇರಲ್ಲ, ತಿಳಿಯಾಗುತ್ತದೆ. ಹೊಂದಿದ್ದನ್ನು ತುಂಬಿ, ಗಟ್ಟಿಯಾಗುವ ಹೊತ್ತಿಗೆ ನಯವಾದ ಕಲ್ಲಿನಿಂದ ಉಜ್ಜಿದೆ. ಒಂದು ವಾರದ ಮೇಲೆ ಅಮ್ಮ ತೆಂಗಿನೆಣ್ಣೆ ಹಚ್ಚಿದರು. ನೋಡುವವರಿಗೆ ಕಾಣಲ್ಲ, ಗೊತ್ತಿರುವವರಿಗೆ ಎರಡು ಚುಕ್ಕೆ ಕಾಣುತ್ತದೆ. 4ರ ಪಕ್ಕದ ಡೊಳ್ಳು ಹಾಗೇ ಇದೆ, ಮುಟ್ಟಿಲ್ಲ.

2ರ ಕೆಳಗಿನ ಎಣ್ಣೆ ಕಲೆಯೇ ಹೆಚ್ಚು ಕಾಡಿದ್ದು. ಸೋಪಿನ ನೀರಲ್ಲಿ ಉಜ್ಜಿ ಡಿಸ್ಟೆಂಪರ್ ಹೊಡೆದೆ, ಮೂರನೇ ದಿನ ಕಂದು ಬಣ್ಣ ಮೇಲೆ ಬಂತು. ಕೆರೆದು, ಎಣ್ಣೆ ಪ್ರೈಮರ್ ಒಂದು ಕೋಟು ಕೊಟ್ಟು, ಅದರ ಮೇಲೆ ಡಿಸ್ಟೆಂಪರ್ ಹೊಡೆದ ಮೇಲೆ ನಿಂತಿತು.

ಖರ್ಚು

ಸ್ಪ್ರೇ 190, ಹ್ಯಾಕ್ಸಾ ಬ್ಲೇಡ್ ಎರಡು 60, ಕಬ್ಬಿಣದ ಬಿಟ್ಟು ಮೂರು 250, ಸಿರಿಂಜ್ 10, ಮೆಟಲ್ ಪ್ರೈಮರ್ 100, ವೈಟ್ ಸಿಮೆಂಟ್ 45, ರೆಡ್ ಆಕ್ಸೈಡ್ 40. ಒಟ್ಟು 695 ರೂಪಾಯಿ. ಸಿಮೆಂಟು, ಮರಳು ಮೇಸ್ತ್ರಿ ಹಾಗೇ ಕೊಟ್ಟರು. ಎಣ್ಣೆ ಪ್ರೈಮರ್ ಪಕ್ಕದವರ ಡಬ್ಬದ ತಳದಲ್ಲಿ ಉಳಿದದ್ದು.

ಮರದ ಬೆಣೆ ಎರಡನ್ನು ತೆಗೆದೆ. ಮೂರನೆಯದು ಬಾಗಿಲ ಚೌಕಟ್ಟಿನ ಪಕ್ಕದಲ್ಲಿದೆ, ಅದರ ಸುತ್ತ ನಾಣ್ಯ ತಟ್ಟಿದರೆ ಗೇಣಗಲ ಡೊಳ್ಳು. ಅದಕ್ಕೆ ಒಂದು ಕೊಕ್ಕೆ ಹಾಕಿಕೊಟ್ಟೆ. ಅಮ್ಮ ಟಾರ್ಚು ನೇತು ಹಾಕಿದ್ದಾರೆ.